ಹುಣಸೆ ಬೀಜದ ಲೆಕ್ಕ

ಅಕ್ಕನನ್ನು ಕೊಟ್ಟ ಮನೆಗೇ ಮೂರು ವರ್ಷ ಬಿಟ್ಟು ತಂಗಿಯನ್ನೂ ಕೊಟ್ಟಿದ್ದರು. ಅಣ್ಣನಿಗೆ ಅಕ್ಕ, ತಮ್ಮನಿಗೆ ತಂಗಿ. ಹಾಗಾಗಿ ಅವರು ಅಕ್ಕ-ತಂಗಿಯರೂ ಹೌದು, ವಾರಗಿತ್ತಿಯರೂ ಹೌದು. ಕೋಲಾರ ಜಿಲ್ಲೆಯ ಒಂದು ಹಳ್ಳಿ ಅದು. ಹಿಪ್ಪುನೇರಳೆ ತೋಟ, ಹಿತ್ತಿಲಲ್ಲಿ ಹುಳುಮನೆ, ಎರಡು ಹಸು. ಊರಿನ ಸ್ವಸಹಾಯ ಗುಂಪಿನ ವರ್ಷದ ಲೆಕ್ಕ ನಡೆದ ದಿನ ನಾನೂ ಆ ಜಗಲಿಯ ಮೇಲೆ ಕೂತಿದ್ದೆ. ಆ ದಿನ ಇಬ್ಬರೂ ಮಾತು ಬಿಡುವುದೊಂದೇ ಬಾಕಿ ಇತ್ತು. ಜಗಳ 64 ರೂಪಾಯಿಗೆ.

ಇಬ್ಬರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಅಕ್ಕ, ತಂಗಿ ಎಂದರೆ ಸಾಕು. ಆ 64 ರೂಪಾಯಿಯ ಪ್ರಶ್ನೆ ಮಾತ್ರ ಬಹಳ ದೊಡ್ಡದು. ಗುಂಪಿನ ಒಳಗೇ ಕೊಟ್ಟು ತೆಗೆದುಕೊಂಡ ಸಾಲಕ್ಕೆ ಬಂದ ಬಡ್ಡಿ ಯಾರದು, ಯಾರಿಗೆ ಎಷ್ಟು? ನಾನು ಮಾತಾಡಿಸಿದ ಹಲವು ಗುಂಪುಗಳ ಹೆಂಗಸರಿಗೆ ತಮ್ಮ ಉಳಿತಾಯ ಎಷ್ಟು, ಸಾಲ ಎಷ್ಟು ಎಂಬುದು ಬಾಯಿಪಾಠ. ಬಡ್ಡಿಯ ಮಾತು ಬಂದರೆ ಮಾತ್ರ "ಅದು ಸಂಘದ್ದು" ಎಂದು ಸುಮ್ಮನಾಗುತ್ತಾರೆ. ಸಂಘ ಎಂದರೆ ಯಾರು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಈ ಗುಂಪಿನ ನಿಯಮ ಸರಳ. ವಾರಕ್ಕೊಂದು ಸಭೆ, ತಿಂಗಳ ಮೊದಲ ಸಭೆಯಲ್ಲಿ ತಲೆಗೆ 200 ರೂಪಾಯಿ ಉಳಿತಾಯ. ಒಂದು ಒಲೆಗೆ ಒಬ್ಬರೇ ಸದಸ್ಯೆ. ಶುರುವಾದಾಗ ಹನ್ನೊಂದು ಜನ ಇದ್ದರು, ಅವರಲ್ಲಿ ಅಕ್ಕನೂ ಒಬ್ಬಳು. ಅಣ್ಣತಮ್ಮಂದಿರ ಮನೆ ಆಗ ಒಂದೇ ಆಗಿದ್ದರಿಂದ ತಂಗಿಗೆ ಸೇರುವಂತಿರಲಿಲ್ಲ. ಆರು ತಿಂಗಳಾದ ಮೇಲೆ ಮನೆ ಭಾಗವಾಯಿತು. ಒಲೆ ಬೇರೆಯಾಯಿತು, ಪಡಿತರ ಚೀಟಿಯೂ ಬೇರೆಯಾಯಿತು. ಏಳನೇ ತಿಂಗಳ ಮೊದಲ ಸಭೆಗೆ ತಂಗಿ ಬಂದಳು. ಗೂಡು ಮಾರಿದ ದುಡ್ಡಿನಲ್ಲಿ 1,200 ರೂಪಾಯಿಯನ್ನು ಒಟ್ಟಿಗೇ ಕಟ್ಟಿ, ಹಿಂದಿನ ಆರು ತಿಂಗಳನ್ನು ಸರಿ ಮಾಡಿಕೊಂಡಳು. ಆ ತಿಂಗಳ 200 ಬೇರೆ ಕೊಟ್ಟಳು. ಅಲ್ಲಿಂದ ವರ್ಷದ ಕೊನೆಯವರೆಗೆ ಒಂದು ತಿಂಗಳೂ ತಪ್ಪಿಸಲಿಲ್ಲ. ವರ್ಷ ಮುಗಿದಾಗ ಅಕ್ಕನ ಪಾಸ್‌ಪುಸ್ತಕದಲ್ಲೂ 2,400, ತಂಗಿಯ ಪಾಸ್‌ಪುಸ್ತಕದಲ್ಲೂ 2,400. ಹನ್ನೆರಡು ಜನರದ್ದು ಸೇರಿ 28,800.

ಗುಂಪಿನಲ್ಲಿ ಹತ್ತಕ್ಕಿಂತ ಕಡಿಮೆ ಜನ ಇರಬಾರದು, ಇಪ್ಪತ್ತನ್ನು ದಾಟಬಾರದು ಎಂಬ ಮಾತು ಎಲ್ಲ ಕಡೆ ಇದೆ. ಆ ಇಪ್ಪತ್ತರ ಗೆರೆ ಎಲ್ಲಿಂದ ಬಂತು ಎಂಬುದಕ್ಕೂ ನಮ್ಮ ಬಡ್ಡಿಯ ಮಾತಿಗೂ ನಂಟಿದೆ. 1956ರ ಕಂಪನಿ ಕಾಯ್ದೆಯ ಪ್ರಕಾರ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರಿ ಲಾಭಕ್ಕಾಗಿ ವ್ಯವಹಾರ ಮಾಡಿದರೆ ನೋಂದಣಿ ಆಗಲೇಬೇಕಿತ್ತು. ಒಳಸಾಲದ ಬಡ್ಡಿ ಬರುವುದರಿಂದ ಗುಂಪು ಲಾಭ ಕಾಣುವ ಕೂಟವೇ ತಾನೆ? ನೋಂದಣಿಯ ತಲೆನೋವಿಲ್ಲದೆ ನಡೆಯಬೇಕಾದರೆ ಇಪ್ಪತ್ತರೊಳಗೆ ನಿಲ್ಲಬೇಕಿತ್ತು. ಮುಂದೆ ಕಾಯ್ದೆ ಬದಲಾಯಿತು, ಗೆರೆ ಮಾತ್ರ ರೂಢಿಯಾಗಿ ಉಳಿಯಿತು.

ಕೋಲಾರದ ಸೀಮೆಗೆ ಈ ಗುಂಪುಗಳು ಹೊಸವಲ್ಲ. 1980ರ ದಶಕದ ಮಧ್ಯದಲ್ಲಿ ಮೈರಾಡ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದುಹೋದಾಗ, ಒಬ್ಬರನ್ನೊಬ್ಬರು ನಂಬುವ ಜನ ಹತ್ತು ಹದಿನೈದು ಮಂದಿಯಂತೆ ಸಣ್ಣ ಗುಂಪುಗಳಾಗಿ ಕೂತರು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗಕ್ಕೆ ಇಳಿದಾಗ ಅದರ ಹಿಂದೆ ಇದ್ದದ್ದು ಇಂಥ ಗುಂಪುಗಳ ಅನುಭವವೇ. ಆಮೇಲೆ ಸರ್ಕಾರದ ಸ್ತ್ರೀಶಕ್ತಿ ಬಂತು, ಸಂಜೀವಿನಿ ಬಂತು. ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಬರೆಯುವುದು ಎಂಬ ಐದು ಸಂಗತಿಗಳಿಗೆ ಪಂಚಸೂತ್ರ ಎಂಬ ಹೆಸರೂ ಬಿತ್ತು. ಬಡ್ಡಿ ಹಂಚುವುದು ಆ ಐದರಲ್ಲಿ ಇಲ್ಲ. ಅದನ್ನು ಪ್ರತಿ ಗುಂಪೂ ತಾನೇ ಕಲಿಯಬೇಕು, ಸಾಮಾನ್ಯವಾಗಿ ಮೊದಲ ವರ್ಷದ ಕೊನೆಗೆ, ಸಾಮಾನ್ಯವಾಗಿ ಜಗಳವಾಡಿ.

ಈಗ ಸಾಲಕ್ಕೆ ಬರೋಣ. ಮೊದಲ ಮೂರು ತಿಂಗಳು ಗುಂಪು ಯಾರಿಗೂ ಸಾಲ ಕೊಡಲಿಲ್ಲ, ದುಡ್ಡು ಬ್ಯಾಂಕಿನಲ್ಲೇ ಇತ್ತು. ನಾಲ್ಕನೇ ತಿಂಗಳಿಂದ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಒಳಸಾಲ ಶುರುವಾಯಿತು. ತಿಂಗಳಿಗೆ ನೂರಕ್ಕೆ ಎರಡು ಎಂದರೆ ವರ್ಷಕ್ಕೆ ಇಪ್ಪತ್ತನಾಲ್ಕು. ಪೇಟೆಯವರಿಗೆ ಇದು ದುಬಾರಿ ಎನಿಸಬಹುದು. ಆ ಊರಿನಲ್ಲಿ ಕೈಸಾಲಕ್ಕೆ ನೂರಕ್ಕೆ ಐದು ನಡೆಯುತ್ತದೆ, ಅದೂ ಅಸಲು ಪೂರ್ತಿ ತಿರುಗಿ ಬರುವವರೆಗೆ ಒಂದು ಪೈಸೆ ಇಳಿಯುವುದಿಲ್ಲ.

ತಂಗಿ ಸೇರಿದ ತಿಂಗಳೇ 5,000 ರೂಪಾಯಿ ಸಾಲ ಕೇಳಿದಳು. ಮುಂದಿನ ಬೆಳೆಗೆ ಚಾಕಿ ಹುಳು ತರಬೇಕಿತ್ತು. ಅಕ್ಕನೇ ಎದ್ದು ನಿಂತು "ಕೊಡಿ, ನಮ್ಮುಡುಗಿ ತಪ್ಪಿಸಲ್ಲ" ಎಂದಳು. ಮುಂದಿನ ಐದು ತಿಂಗಳು, ತಿಂಗಳಿಗೆ ಸಾವಿರದಂತೆ ಅಸಲು ತೀರಿಸುವುದು ಎಂದು ನಡಾವಳಿ ಪುಸ್ತಕದಲ್ಲಿ ಬರೆದರು. ಬಡ್ಡಿ ಉಳಿದ ಬಾಕಿಗೆ ಮಾತ್ರ. ಮೊದಲ ಕಂತಿನ ದಿನ 5,000ಕ್ಕೆ 100 ರೂಪಾಯಿ. ಸಾವಿರ ತೀರಿದ ಮೇಲೆ 4,000ಕ್ಕೆ 80. ಆಮೇಲೆ 60, 40, 20. ಐದು ತಿಂಗಳಿಗೆ ಒಟ್ಟು 300 ರೂಪಾಯಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆಲವು ಗುಂಪುಗಳಲ್ಲಿ ಲೆಕ್ಕ ಸುಲಭವಾಗಲಿ ಎಂದು ಮೊದಲ ಅಸಲಿಗೇ ಕೊನೆಯವರೆಗೆ ಬಡ್ಡಿ ಹಾಕುತ್ತಾರೆ. ತಿಂಗಳಿಗೆ 100ರಂತೆ ಐದು ತಿಂಗಳು, 500. ಬಾಯಲ್ಲಿ ಹೇಳುವ ದರ ಎರಡೂ ಕಡೆ "ನೂರಕ್ಕೆ ಎರಡು", ಕೈಯಿಂದ ಹೋಗುವ ದುಡ್ಡಿನಲ್ಲಿ 200 ರೂಪಾಯಿ ವ್ಯತ್ಯಾಸ. ನಿಮ್ಮ ಗುಂಪಿನಲ್ಲಿ ಯಾವುದು ನಡೆಯುತ್ತಿದೆ ಎಂದು ತಿಳಿಯಲು ಎರಡನೇ ಕಂತಿನ ರಸೀದಿ ನೋಡಿದರೆ ಸಾಕು. ಅಸಲು ಸ್ವಲ್ಪ ತೀರಿದ್ದರೂ ಬಡ್ಡಿ ಮೊದಲ ತಿಂಗಳಷ್ಟೇ ಇದ್ದರೆ, ನೀವು ತೀರಿಸಿಬಿಟ್ಟ ದುಡ್ಡಿಗೂ ಬಡ್ಡಿ ಕಟ್ಟುತ್ತಿದ್ದೀರಿ.

ವರ್ಷದ ಲೆಕ್ಕದ ದಿನ ಪುಸ್ತಕ ಬರೆಯುವ ಹುಡುಗಿ ಎಲ್ಲವನ್ನೂ ಕೂಡಿ ಓದಿದಳು. ಪದವಿ ಓದಿ ಊರಿನಲ್ಲೇ ಉಳಿದವಳು ಅವಳು, ಸದಸ್ಯೆಯಲ್ಲ. ವರ್ಷದಲ್ಲಿ ಕೈಗೆ ಬಂದ ಬಡ್ಡಿ 3,350. ಪುಸ್ತಕ, ಬ್ಯಾಂಕಿಗೆ ಹೋಗಿಬರುವ ಬಸ್ ಖರ್ಚು ಎಲ್ಲ ಸೇರಿ 300 ಕಳೆದರೆ ಉಳಿದದ್ದು 3,050.

"ಹನ್ನೆರಡು ಜನ ಇದೀವಿ, ಹನ್ನೆರಡು ಪಾಲು ಮಾಡಮ್ಮ" ಎಂದಳು ಒಬ್ಬಳು. ತಲೆಗೆ 254 ರೂಪಾಯಿ ಚಿಲ್ಲರೆ ಬಂತು.

ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಅವರೆಲ್ಲ ಚೀಟಿ ಹಾಕಿ ಬಲ್ಲವರು. ಚೀಟಿಯಲ್ಲಿ ಕೂಗಿದವರು ಬಿಟ್ಟುಕೊಟ್ಟ ಹಣವನ್ನು ಎಲ್ಲರಿಗೂ ಸಮನಾಗಿಯೇ ಹಂಚುತ್ತಾರೆ. ಅಲ್ಲಿ ಅದು ನ್ಯಾಯ, ಏಕೆಂದರೆ ಚೀಟಿಯಲ್ಲಿ ಎಲ್ಲರೂ ಅದೇ ದಿನ ಅಷ್ಟೇ ಹಣ ಕಟ್ಟುತ್ತಾರೆ, ಮಧ್ಯದಲ್ಲಿ ಸೇರುವವರಿಲ್ಲ. ಗುಂಪಿನ ಉಳಿತಾಯ ಹಾಗಲ್ಲ.

ಅಕ್ಕ ಸುಮ್ಮನಿರಲಿಲ್ಲ. "ನನ್ ದುಡ್ಡು ವರ್ಷಾನುವರ್ಷ ಇಲ್ಲೇ ಬಿದ್ದಿತ್ತು. ಇವ್ಳು ಏಳನೇ ತಿಂಗಳು ಬಂದೋಳು. ಸಮ ಹೆಂಗಾಯ್ತದೆ?"

ತಂಗಿಯ ಮುಖ ಕೆಂಪಾಯಿತು. "ನಾನೇನ್ ಬೇಕೂಂತ ತಡವಾಗಿ ಬಂದ್ನೇನಕ್ಕ? ಒಂದ್ ಒಲೆಗೆ ಒಬ್ರು ಅಂದೋರು ನೀವೇ. 1,200 ಒಟ್ಟಿಗೇ ಕಟ್ಟಿದೀನಿ. ಅದೂ ಅಲ್ದೆ ಮುನ್ನೂರು ರೂಪಾಯಿ ಬಡ್ಡಿ ಕಟ್ಟಿದೋಳು ನಾನು. ನೀನು ಸಾಲಾನೇ ತಗೊಂಡಿಲ್ಲ. ಬಡ್ಡಿ ಕಟ್ಟಿದೋಳಿಗೆ ಜಾಸ್ತಿ ಬರ್ಬೇಕಾ, ಕಟ್ದೇ ಇದ್ದೋಳಿಗಾ?"

ಜಗಲಿಯಲ್ಲಿ ಅರ್ಧ ಜನ ತಲೆಯಾಡಿಸಿದರು. ಸಾಲ ತೆಗೆದುಕೊಂಡವರೇ ಹೆಚ್ಚು ಇದ್ದರಲ್ಲ. ಈ ಪ್ರಶ್ನೆಯನ್ನು ನಾನು ಬೇರೆ ಊರುಗಳಲ್ಲೂ ಕೇಳಿದ್ದೇನೆ. ಬಡ್ಡಿ ಕಟ್ಟಿದವರಿಗೇ ಬಡ್ಡಿ ತಿರುಗಿ ಬರಬೇಕು ಎಂಬ ಮಾತು ಮೊದಲ ಕೇಳಿಗೆ ಸರಿ ಎನಿಸುತ್ತದೆ.

ಉತ್ತರ ಕೊಟ್ಟದ್ದು ಗುಂಪಿನ ಹಿರಿಯ ಅಜ್ಜಿ. ವಿಧವಾ ವೇತನದಲ್ಲಿ ಉಳಿಸಿ ಕಟ್ಟುವವಳು, ಒಂದು ಸಲವೂ ಸಾಲ ಕೇಳಿದವಳಲ್ಲ. "ನೋಡವ್ವ, ನನ್ ದುಡ್ಡು ನಿನ್ ಹುಳುಮನೇಲಿ ಐದು ತಿಂಗಳು ದುಡೀತು. ಅದ್ರ ಕೂಲಿ ನೀನು ಕೊಟ್ಟೆ. ಕೊಟ್ಟ ಕೂಲೀನ ನೀನೇ ವಾಪಸ್ ತಗೊಂಡ್ರೆ ದುಡಿದೋರಿಗೆ ಏನು?"

ಬಡ್ಡಿ ಎಂದರೆ ದುಡ್ಡಿನ ಕೂಲಿ. ಇದಕ್ಕಿಂತ ಚೆನ್ನಾಗಿ ಹೇಳುವುದು ನನಗೆ ಗೊತ್ತಿಲ್ಲ. ಕೊಡುವವಳು ಸಾಲ ಪಡೆದವಳು, ಪಡೆಯಬೇಕಾದವಳು ದುಡ್ಡು ಇಟ್ಟವಳು. ತಂಗಿಯ ಮಾತಿನಂತೆ ಹಂಚಿದರೆ ಸಾಲ ಬಿಟ್ಟಿಯಾಗುತ್ತದೆ. ಆಗ ಅಜ್ಜಿ 200 ರೂಪಾಯಿ ತಂದಿಡಲು ಕಾರಣವೇ ಇರುವುದಿಲ್ಲ. ಅಜ್ಜಿಯಂಥವರು ಬಿಟ್ಟರೆ ಮುಂದಿನ ಬೆಳೆಗೆ ತಂಗಿಗೆ ಕೊಡಲು ಪೆಟ್ಟಿಗೆಯಲ್ಲಿ ಹಣ ಇರುವುದಿಲ್ಲ. ತಂಗಿಗೂ ಏನೂ ಬರುವುದಿಲ್ಲ ಎಂದಲ್ಲ. ಅವಳು ಸಾಲ ಪಡೆದವಳೂ ಹೌದು, ದುಡ್ಡು ಇಟ್ಟವಳೂ ಹೌದು. ಒಂದು ಕೈಯಲ್ಲಿ ಕೂಲಿ ಕೊಡುತ್ತಾಳೆ, ಇನ್ನೊಂದು ಕೈಯಲ್ಲಿ ಪಡೆಯುತ್ತಾಳೆ. ಎರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ಗೊಂದಲ.

ಇನ್ನು ಅಕ್ಕನ ಪ್ರಶ್ನೆ. ಇಬ್ಬರ ಉಳಿತಾಯವೂ 2,400 ಆಗಿರುವಾಗ ಯಾರ ದುಡ್ಡು ಎಷ್ಟು ದುಡಿಯಿತು ಎಂದು ಅಳೆಯುವುದು ಹೇಗೆ? ಪುಸ್ತಕದ ಹುಡುಗಿ ಬ್ಯಾಂಕಿನವರ ಪದ್ಧತಿ ಬಲ್ಲವಳು, ಹಣವನ್ನು ತಿಂಗಳಿನಿಂದ ಗುಣಿಸಬೇಕು ಎಂದಳು. ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿ ಒಳಗೆ ಹೋಗಿ ಒಂದು ಮೊರ ತುಂಬ ಹುಣಸೆ ಬೀಜ ತಂದು ಸುರಿದಳು. "ಆಳು ಲೆಕ್ಕ ಹಾಕ್ದಂಗೆ ಹಾಕು" ಎಂದಳು.

ಆಳು ಲೆಕ್ಕ ಎಂದರೆ ಎಲ್ಲರಿಗೂ ಗೊತ್ತು. ಒಬ್ಬಳು ಹೊಲಕ್ಕೆ ಹತ್ತು ದಿನ ಬಂದರೆ ಹತ್ತು ಆಳು, ಇಬ್ಬರು ಐದೈದು ದಿನ ಬಂದರೂ ಹತ್ತು ಆಳು. ಹಾಗೆಯೇ 200 ರೂಪಾಯಿ ಒಂದು ತಿಂಗಳು ಗುಂಪಿನಲ್ಲಿ ಇದ್ದರೆ ಒಂದು ಬೀಜ.

ಅಕ್ಕನ ಸಾಲು ಮೊದಲು ಹಾಕಿದರು. ಮೊದಲ ತಿಂಗಳು ಕಟ್ಟಿದ 200 ರೂಪಾಯಿ ಹನ್ನೆರಡು ತಿಂಗಳೂ ಇತ್ತು, ಹನ್ನೆರಡು ಬೀಜ. ಎರಡನೇ ತಿಂಗಳ 200ಕ್ಕೆ ಹನ್ನೊಂದು. ಮೂರನೆಯದಕ್ಕೆ ಹತ್ತು. ಹೀಗೆ ಇಳಿಯುತ್ತ ಬಂದು ಹನ್ನೆರಡನೇ ತಿಂಗಳ 200ಕ್ಕೆ ಒಂದೇ ಬೀಜ. ಎಣಿಸಿದರೆ 78. ಮೊದಲಿನಿಂದ ಇದ್ದ ಹನ್ನೊಂದು ಜನರಿಗೂ ಅಷ್ಟೇ.

ಆಮೇಲೆ ತಂಗಿಯ ಸಾಲು. ಒಟ್ಟಿಗೆ ಕಟ್ಟಿದ 1,200 ಎಂದರೆ ಆರು ಇನ್ನೂರುಗಳು. ಅವು ಇದ್ದದ್ದು ಆರು ತಿಂಗಳು. ಆರು ಆರಲಿ ಮೂವತ್ತಾರು ಬೀಜ. ಏಳನೇ ತಿಂಗಳಿನ 200ಕ್ಕೆ ಆರು, ಎಂಟನೆಯದಕ್ಕೆ ಐದು, ಹೀಗೆ ಕೊನೆಯದಕ್ಕೆ ಒಂದು, ಒಟ್ಟು ಇಪ್ಪತ್ತೊಂದು. ಎರಡೂ ಸೇರಿ 57.

ತಂಗಿ ತಾನೇ ಬಾಗಿ ಇನ್ನೊಂದು ಸಲ ಎಣಿಸಿದಳು. ಐವತ್ತೇಳೇ. ಎರಡು ಸಾಲು ಪಕ್ಕಪಕ್ಕದಲ್ಲಿ ಬಿದ್ದಿದ್ದವು. ಪಾಸ್‌ಪುಸ್ತಕದಲ್ಲಿ ಕಾಣದಿದ್ದ ವ್ಯತ್ಯಾಸ ನೆಲದ ಮೇಲೆ ಕಣ್ಣಿಗೆ ಹೊಡೆಯುವಂತೆ ಕಂಡಿತು.

ಎಲ್ಲರ ಬೀಜ ಕೂಡಿದರೆ, ಹನ್ನೊಂದು ಜನರ 858ಕ್ಕೆ ತಂಗಿಯ 57 ಸೇರಿ 915. ಹಂಚಬೇಕಾದ 3,050 ರೂಪಾಯಿಯನ್ನು 915ರಿಂದ ಭಾಗಿಸಿದರೆ ಒಂದು ಬೀಜಕ್ಕೆ 3 ರೂಪಾಯಿ 33 ಪೈಸೆ ಚಿಲ್ಲರೆ. ಚಿಲ್ಲರೆ ಯಾಕೆ, ಮೂರು ಬೀಜಕ್ಕೆ ಹತ್ತು ರೂಪಾಯಿ ಎಂದಳು ಹುಡುಗಿ. ಅಲ್ಲಿಂದ ಲೆಕ್ಕ ಎಲ್ಲರ ಕೈಗೂ ಸಿಕ್ಕಿತು. ಅಕ್ಕನ 78 ಬೀಜವನ್ನು ಮೂರು ಮೂರಾಗಿ ಗುಡ್ಡೆ ಮಾಡಿದರೆ 26 ಗುಡ್ಡೆ, 260 ರೂಪಾಯಿ. ತಂಗಿಯದು 19 ಗುಡ್ಡೆ, 190 ರೂಪಾಯಿ. ಹನ್ನೊಂದು 260ಕ್ಕೆ 2,860, ಅದಕ್ಕೆ 190 ಸೇರಿದರೆ ಸರಿಯಾಗಿ 3,050.

ಸಮಪಾಲಿನಲ್ಲಿ ತಂಗಿಗೆ ಬರುತ್ತಿದ್ದ 254ಕ್ಕೂ ಈ 190ಕ್ಕೂ ನಡುವೆ ಇರುವುದೇ ನಾನು ಮೊದಲಿಗೆ ಹೇಳಿದ 64 ರೂಪಾಯಿ. ಅಕ್ಕನಿಗೆ ಆದ ಲಾಭ ಆರು ರೂಪಾಯಿ ಮಾತ್ರ. ತಂಗಿಯ 64 ಹನ್ನೊಂದು ಜನರಲ್ಲಿ ಚೂರುಚೂರಾಗಿ ಹೋಯಿತು. ಸಮಪಾಲು ಹಂಚುವ ಗುಂಪುಗಳಲ್ಲಿ ಇದು ಯಾರ ಗಮನಕ್ಕೂ ಬಾರದಿರಲು ಕಾರಣ ಇದೇ. ಪಡೆಯುವವಳಿಗೆ ಅದು ದೊಡ್ಡ ಮೊತ್ತ, ಕಳೆದುಕೊಳ್ಳುವವರಿಗೆ ತಲೆಗೆ ಆರು ರೂಪಾಯಿ, ಕೇಳಲು ನಾಚಿಕೆ. ಆದರೆ ಒಬ್ಬಳು ತಡವಾಗಿ ಬಂದರೆ ಆರು ರೂಪಾಯಿ, ಐದು ಜನ ಬಂದರೆ ಹಾಗಲ್ಲ. ವರ್ಷದ ಕೊನೆಯ ತಿಂಗಳು ದೊಡ್ಡ ಮೊತ್ತ ಕಟ್ಟಿ ಪೂರ್ತಿ ಪಾಲು ಪಡೆಯುವ ದಾರಿ ತೆರೆದಿದ್ದರೆ, ತಿಂಗಳು ತಿಂಗಳೂ ಕಟ್ಟುವವರು ಯಾರು?

ತಂಗಿ ಸೋತು ಸುಮ್ಮನಾದಳು ಎಂದು ತಿಳಿಯಬೇಡಿ. ಬೀಜ ನೋಡುತ್ತ ಕೂತವಳು ಸ್ವಲ್ಪ ಹೊತ್ತಿನ ಮೇಲೆ ಒಂದು ಮಾತು ಕೇಳಿದಳು. ಆ ದಿನದ ಅತ್ಯುತ್ತಮ ಪ್ರಶ್ನೆ ಅದೇ.

"ಮೊದ್ಲು ಮೂರು ತಿಂಗಳು ನೀವು ಸಾಲಾನೇ ಕೊಡಲಿಲ್ವಂತೆ. ದುಡ್ಡು ಸುಮ್ನೆ ಮಲಗಿತ್ತು. ಮಲಗಿದ್ ಆಳಿಗೂ ಕೂಲಿ ಹಾಕ್ತೀರಾ?"

ಹುಡುಗಿ ಪೆನ್ನು ಕೆಳಗಿಟ್ಟಳು. ಆ ಮೂರು ತಿಂಗಳ ಬೀಜ ತೆಗೆದು ನೋಡಿದರು. ಮೊದಲ ತಿಂಗಳು ಒಬ್ಬೊಬ್ಬರದೂ ಒಂದು, ಎರಡನೇ ತಿಂಗಳು ಎರಡು, ಮೂರನೆಯದು ಮೂರು, ಒಟ್ಟು ಆರು ಬೀಜ. ಅಕ್ಕನ 78 ಇಳಿದು 72 ಆಯಿತು. ತಂಗಿಯದು 57 ಹಾಗೆಯೇ ಉಳಿಯಿತು. ಹೊಸ ಮೊತ್ತ 849 ಬೀಜ. ಈ ಲೆಕ್ಕದಲ್ಲಿ ತಂಗಿಗೆ ಸುಮಾರು 205 ರೂಪಾಯಿ, ಅಕ್ಕನಿಗೆ 259ಕ್ಕೆ ಸ್ವಲ್ಪ ಕಡಿಮೆ.

ಎರಡರಲ್ಲಿ ಯಾವುದು ಸರಿ? ಒಂದೇ ಉತ್ತರ ಇದಕ್ಕೆ ಇದೆ ಎಂದು ನಾನು ಒಪ್ಪುವುದಿಲ್ಲ. ಮಲಗಿದ್ದ ದುಡ್ಡು ದುಡಿಯಲಿಲ್ಲ ಎಂಬುದು ನಿಜ. ಅದು ಮೂರು ತಿಂಗಳು ಕೂಡಿಬರದಿದ್ದರೆ ನಾಲ್ಕನೇ ತಿಂಗಳು ಕೊಡಲು ಸಾಲವೇ ಇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಬಿತ್ತನೆಗೆ ಮುಂಚೆ ಹೊಲ ಉತ್ತವನಿಗೂ ಕೂಲಿ ಇದೆ. ಆಗ ಗುಂಪು ಉಳಿಯುತ್ತದೋ ಮುರಿಯುತ್ತದೋ ಗೊತ್ತಿಲ್ಲದೆ ದುಡ್ಡು ಇಟ್ಟವರು ಆ ಹನ್ನೊಂದು ಜನ. ಕೊನೆಗೆ ಅವರು ಪೂರ್ತಿ ಹನ್ನೆರಡು ತಿಂಗಳ ಬೀಜವನ್ನೇ ಹಿಡಿದರು, ಹನ್ನೆರಡರಲ್ಲಿ ಒಂಬತ್ತು ಕೈ ಅದಕ್ಕೆ ಎದ್ದವು. ನನಗೆ ಮುಖ್ಯವೆನಿಸಿದ್ದು ಬೇರೆ. ಆ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದರು. ಮುಂದೆ ಇನ್ನೊಬ್ಬಳು ತಡವಾಗಿ ಸೇರಿದರೆ ಅವಳು ಸೇರುವ ದಿನವೇ ಇದನ್ನು ಓದಿ ಹೇಳಬೇಕು ಎಂದೂ ಬರೆದರು. ತಂಗಿಗೆ ಆಗಿದ್ದ ನಿಜವಾದ ಅನ್ಯಾಯ ಅದೇ. 1,200 ಒಟ್ಟಿಗೆ ಕಟ್ಟಿಸಿಕೊಂಡಾಗ ಅದರಿಂದ ಉಳಿತಾಯ ಸಮನಾಗುತ್ತದೆ, ಬಡ್ಡಿಯ ಪಾಲು ಸಮನಾಗುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಲೆಕ್ಕ ಇಷ್ಟಕ್ಕೇ ಮುಗಿಯಲಿಲ್ಲ. ಹಂಚುವ ಮುಂಚೆ ದುಡ್ಡು ನಿಜವಾಗಿ ಇದೆಯೇ ಎಂದು ನೋಡಬೇಕಲ್ಲ. ಬಡ್ಡಿ ಬರಬೇಕಾದದ್ದು ಬೇರೆ, ಬಂದದ್ದು ಬೇರೆ. ಬಂದದ್ದನ್ನು ಮಾತ್ರ ಹಂಚಬಹುದು. ಇದನ್ನು ಪರೀಕ್ಷಿಸುವ ದಾರಿ ಓದುಬರಹ ಕಡಿಮೆ ಇದ್ದವರಿಗೂ ಎಟುಕುತ್ತದೆ. ಉಳಿತಾಯ 28,800, ಖರ್ಚು ಕಳೆದ ಬಡ್ಡಿ 3,050, ಎರಡೂ ಸೇರಿ 31,850. ಇಷ್ಟು ಹಣ ಎಲ್ಲಾದರೂ ಇರಲೇಬೇಕು. ಆ ದಿನ ಸದಸ್ಯರ ಮೇಲೆ ಇದ್ದ ಸಾಲ 24,000, ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ 7,400, ಪೆಟ್ಟಿಗೆ ತೆರೆದು ಎಲ್ಲರ ಮುಂದೆ ಎಣಿಸಿದ ನಗದು 450. ಕೂಡಿದರೆ 31,850. ಎರಡು ಕಡೆಯೂ ಸರಿಹೊಂದಿತು. ಯಾರೋ ಕಟ್ಟದ 400 ರೂಪಾಯಿ ಬಡ್ಡಿಯನ್ನು ಬಂದಿದೆ ಎಂದು ಬರೆದಿದ್ದರೆ ಈ ಕೂಡುವಿಕೆಯಲ್ಲೇ 400 ಕೊರತೆ ಬೀಳುತ್ತಿತ್ತು.

ಈ ಪರೀಕ್ಷೆಯನ್ನೂ ದಾಟಿ ಹೋಗುವ ಒಂದು ತಪ್ಪಿದೆ. ಸಾಲ ಕಟ್ಟಲಾರದವಳ ಹೆಸರಿಗೆ ಲೆಕ್ಕದ ದಿನವೇ ಹೊಸ ಸಾಲ ಬರೆದು, ಅದರಿಂದ ಹಳೆಯ ಅಸಲು ಬಡ್ಡಿ ತೀರಿತು ಎಂದು ಬರೆಯುವುದು. ಒಂದು ನೋಟೂ ಕೈ ಬದಲಾಗಿಲ್ಲ, ಪುಸ್ತಕದಲ್ಲಿ ಮಾತ್ರ ಬಡ್ಡಿ ಬಂದಿದೆ. ಕೂಡಿದರೆ ಎರಡೂ ಕಡೆ ಸರಿಹೋಗುತ್ತದೆ, ಏಕೆಂದರೆ ಹೊಸ ಸಾಲವೂ ಲೆಕ್ಕಕ್ಕೆ ಸೇರುತ್ತದೆ. ಹಂಚಿಕೆಯ ದಿನ ಹೊರಗೆ ಹೋಗುವುದು ಮಾತ್ರ ನಿಜವಾದ ನಗದು, ಅಂದರೆ ಉಳಿದವರ ಉಳಿತಾಯ. ಇದು ಹೆಚ್ಚಿನ ಸಲ ಮೋಸದಿಂದ ನಡೆಯುವುದಲ್ಲ. ಗೆಳತಿಯ ಮಾನ ಉಳಿಸಲು, ಗುಂಪಿಗೆ ಕೆಟ್ಟ ಹೆಸರು ಬಾರದಿರಲೆಂದು ಮಾಡುತ್ತಾರೆ. ಗುರುತು ಹಿಡಿಯುವುದು ಹೀಗೆ: ಸಾಲದ ಪುಸ್ತಕದಲ್ಲಿ ಒಂದೇ ಹೆಸರಿನ ಮುಂದೆ, ಒಂದೇ ತಾರೀಕಿನಲ್ಲಿ, ಪೂರ್ತಿ ಮರುಪಾವತಿಯೂ ಅದಕ್ಕಿಂತ ಸ್ವಲ್ಪ ಹೆಚ್ಚಿನ ಹೊಸ ಸಾಲವೂ ಇದ್ದರೆ, ದುಡ್ಡನ್ನು ಮೇಜಿನ ಮೇಲೆ ಎಣಿಸಿದ್ದು ಯಾರು ಎಂದು ಕೇಳಿ. ಕಟ್ಟಲಾಗದವಳಿಗೆ ಕಂತಿನ ಗಡುವು ಮುಂದೆ ಹಾಕಿಕೊಡಬಹುದು, ಅದರಲ್ಲಿ ತಪ್ಪಿಲ್ಲ. ಬಾರದ ಬಡ್ಡಿಯನ್ನು ಬಂದಿದೆ ಎಂದು ಬರೆಯುವುದು ಬೇಡ.

ಬೀಜದ ಲೆಕ್ಕ ಎಲ್ಲ ದುಡ್ಡಿಗೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಸರ್ಕಾರದಿಂದ ಸುತ್ತುನಿಧಿ ಬಂದು, ಅದನ್ನೂ ಒಳಸಾಲವಾಗಿ ಕೊಟ್ಟರೆ ಅದರಿಂದಲೂ ಬಡ್ಡಿ ಬರುತ್ತದೆ. ಆ ಹಣ ಯಾರ ಉಳಿತಾಯವೂ ಅಲ್ಲ, ಅದಕ್ಕೆ ಯಾರ ಹೆಸರಿನಲ್ಲೂ ಬೀಜ ಇಡಲಾಗದು. ಅದರ ಬಡ್ಡಿಯನ್ನು ಗುಂಪಿನ ಸಾಮಾನ್ಯ ನಿಧಿಯಲ್ಲೇ ಉಳಿಸುವುದು ಸರಿ. ಬ್ಯಾಂಕಿನಿಂದ ತಂದ ಸಾಲವನ್ನು ಹಂಚಿಕೊಂಡಿದ್ದರೆ ಅದರ ಬಡ್ಡಿಯಲ್ಲಿ ಮೊದಲು ಬ್ಯಾಂಕಿನ ಪಾಲು ಹೋಗಬೇಕು. ಈ ಮೂರು ಬಗೆಯ ಹಣಕ್ಕೆ ಮೂರು ಪುಟ ಇಡದ ಗುಂಪಿನಲ್ಲಿ ಬಡ್ಡಿ ಹಂಚುವ ಮಾತು ಬಂದರೆ, ಮೊದಲು ಪುಸ್ತಕ ಬಿಡಿಸಿ ಬರೆಯಿರಿ ಎನ್ನುವೆ. ನಾನು ಹೇಳುತ್ತಿರುವ ಗುಂಪಿಗೆ ಮೊದಲ ವರ್ಷ ಹೊರಗಿನ ಹಣ ಯಾವುದೂ ಬಂದಿರಲಿಲ್ಲ, ಅದಕ್ಕೇ ಲೆಕ್ಕ ಇಷ್ಟು ನೇರ.

ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ. ಆ 3,050 ರೂಪಾಯಿಯನ್ನು ಕೈಗೆ ಕೊಡುವುದೋ, ಗುಂಪಿನಲ್ಲೇ ಬಿಡುವುದೋ? ಯುಗಾದಿ ಹತ್ತಿರ ಇತ್ತು. 260 ರೂಪಾಯಿಗೆ ಬೇಳೆ ಬೆಲ್ಲ ಬರುತ್ತದೆ ಎಂದು ಹಲವರಿಗೆ ಆಸೆ. ಕೈಗೆ ಕೊಟ್ಟರೆ ಸಾಲ ಕೊಡುವ ಹಣದಲ್ಲಿ ಅಷ್ಟು ಕಡಿಮೆಯಾಗುತ್ತದೆ, ಮುಂದಿನ ವರ್ಷದ ಬಡ್ಡಿಯೂ ಕಡಿಮೆಯಾಗುತ್ತದೆ. ಗುಂಪಿನಲ್ಲೇ ಬಿಟ್ಟರೆ ಆ ತೊಂದರೆ ಇಲ್ಲ, ಆದರೆ ಹೆಸರಿಲ್ಲದೆ ಬಿಟ್ಟರೆ ಇನ್ನೊಂದು ತೊಂದರೆ. ನಾಲ್ಕು ವರ್ಷದ ಮೇಲೆ ಒಬ್ಬಳು ಊರು ಬಿಟ್ಟು ಹೋದರೆ, ಅವಳ ಕೈಗೆ ಉಳಿತಾಯ ಮಾತ್ರ ಬಂದು ಅವಳ ದುಡ್ಡಿನ ನಾಲ್ಕು ವರ್ಷದ ಕೂಲಿ ಇಲ್ಲೇ ಉಳಿಯುತ್ತದೆ. ಅವರು ನಡುದಾರಿ ಹಿಡಿದರು. ಹಣ ಪೆಟ್ಟಿಗೆಯಲ್ಲೇ ಇರಲಿ, ಒಬ್ಬೊಬ್ಬರ ಪಾಲನ್ನು ಅವರವರ ಪಾಸ್‌ಪುಸ್ತಕದಲ್ಲಿ ಬಡ್ಡಿ ಎಂದು ಬೇರೆ ಸಾಲಿನಲ್ಲಿ ಬರೆಯಿರಿ ಎಂದರು. ಅಕ್ಕನ ಪುಸ್ತಕದಲ್ಲಿ 2,400ರ ಕೆಳಗೆ 260, ತಂಗಿಯದರಲ್ಲಿ 190 ಬಿತ್ತು.

ತಂಗಿ ಪಾಸ್‌ಪುಸ್ತಕ ಮಡಚಿದಳು, ಮಾತಾಡಲಿಲ್ಲ. ಹುಡುಗಿಗೆ ಏನನ್ನಿಸಿತೋ, ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ಮುಂದಿನ ವರ್ಷದ ಲೆಕ್ಕ ಹಾಕಿದಳು. "ನೋಡಿ ಅಕ್ಕ, ಮುಂದಿನ ವರ್ಷ ಶುರುವಾಗೋ ಹೊತ್ತಿಗೆ ಅವರದು 2,660, ನಿಮ್ಮದು 2,590. ಎರಡೂ ಹನ್ನೆರಡು ತಿಂಗಳೂ ಇರ್ತವೆ. ಅವರಿಗೆ ಅದರಿಂದ ನೂರ ಅರವತ್ತು ಬೀಜ ಅಂತ ಇಟ್ಕೊಳ್ಳಿ, ನಿಮಗೆ ನೂರ ಐವತ್ತೈದು ಚಿಲ್ಲರೆ. ಹೊಸದಾಗಿ ಕಟ್ಟೋದಕ್ಕೆ ಇಬ್ಬರಿಗೂ ಎಪ್ಪತ್ತೆಂಟು."

"ಅಂದ್ರೆ ನಾಲ್ಕೇ ಬೀಜ ಹಿಂದೆ?"

"ನಾಲ್ಕು, ಸ್ವಲ್ಪ ಜಾಸ್ತಿ."

ಇಪ್ಪತ್ತೊಂದು ಬೀಜದ ಅಂತರ ಒಂದೇ ವರ್ಷದಲ್ಲಿ ನಾಲ್ಕಕ್ಕೆ ಇಳಿಯುತ್ತದೆ ಎಂಬುದು ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ತಡವಾಗಿ ಬಂದದ್ದಕ್ಕೆ ತಂಗಿ ಕೊಟ್ಟ ಬೆಲೆ ಹೆಚ್ಚುಕಡಿಮೆ ಆ ಒಂದು ವರ್ಷದ್ದೇ.

ಅಕ್ಕ ನೆಲದ ಮೇಲಿನ ಬೀಜಗಳನ್ನು ಮೊರಕ್ಕೆ ಬಳಿಯುತ್ತಿದ್ದಳು. ತಂಗಿ ಹೋಗಿ ಮೊರದ ಇನ್ನೊಂದು ಅಂಚು ಹಿಡಿದಳು. "ಚಾಕಿ ಹುಳು ಯಾವತ್ತು ತರ್ತೀಯೇ?" ಎಂದು ಅಕ್ಕ ಕೇಳಿದಳು. "ಸೋಮವಾರ" ಎಂದಳು ತಂಗಿ. ಆಮೇಲೆ ಹೊಸ ವರ್ಷದ ಮೊದಲ ಉಳಿತಾಯದ 200 ರೂಪಾಯಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಎಲ್ಲರಿಗಿಂತ ಮೊದಲು ಹುಡುಗಿಯ ಮುಂದೆ ಇಟ್ಟಳು.

"ಇದಕ್ಕೆ ಹನ್ನೆರಡು ತಾನೆ?"

"ಹನ್ನೆರಡು" ಎಂದು ಹುಡುಗಿ ಬರೆದುಕೊಂಡಳು.